‘ಕಾಮಾ’ ಅಂದರೆ ‘ಕಾಮ’ ಬರುತ್ತದೆ: ದನಿಯಲ್ಲಿ ಬರೆಸಿದ ಅರ್ಜಿಯ ದೋಷ ಹುಡುಕುವ ಬಗೆ

ಶಿರಸಿಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಮೊದಲೆಲ್ಲ ಜನ ಅರ್ಜಿಯನ್ನು ಕೈಯಲ್ಲಿ ಬರೆದು ತರುತ್ತಿದ್ದರು. ಈಗ ಫೋನಿಗೆ ಹೇಳಿ, ಅದು ಬರೆದದ್ದನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ‘ಸ್ವಲ್ಪ ಸರಿ ಮಾಡಿ ಪ್ರಿಂಟ್ ಕೊಡಿ’ ಅನ್ನುತ್ತಾರೆ. ಆ ‘ಸ್ವಲ್ಪ’ ಎಷ್ಟೋ ಸಲ ಹೊಸದಾಗಿ ಟೈಪ್ ಮಾಡುವುದಕ್ಕಿಂತ ಜಾಸ್ತಿ ಕೆಲಸ.

ಹೋದ ಮಳೆಗಾಲ ಮುಗಿದ ಮೇಲೆ ನನ್ನ ಸೋದರಮಾವ ಒಂದು ಅರ್ಜಿ ಕಳಿಸಿದರು. ಅವರ ಊರಿನ ಹಳ್ಳವನ್ನು ನಡೆದು ದಾಟಲು ಹಾಕಿದ್ದ ಕಾಲುಸಂಕ ಎಂಬ ಕಿರುಸೇತುವೆ ಅರ್ಧ ಕೊಚ್ಚಿಹೋಗಿತ್ತು. ಪಂಚಾಯತಿಗೆ ಬರೆಯಬೇಕಿತ್ತು. ಫೋನು ಬರೆದದ್ದು ಹೀಗಿತ್ತು:

‘ಗೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು ಕಾಮ ಗ್ರಾಮ ಪಂಚಾಯತ್ ಕಾಮ ಸಿರ್ಸಿ ತಾಲೂಕು ಫುಲ್ ಸ್ಟಾಪ್ ಮಾನ್ಯರೇ ಕಾಮ ವಿಷಯ ಕೋಲನ್ ಕಾಲು ಸಂಖ್ಯೆ ದುರಸ್ತಿ ಕಾಮಗಾರಿ ಕುರಿತು full stop’

ಹಿಂದೆಯೇ ಫೋನ್ ಬಂತು. “ತಮಾ, ಆನು ಹೇಳಿದ್ದೇ ಒಂದು, ಇದು ಬರದ್ದೇ ಇನ್ನೊಂದು. ಅಧಿಕಾರಿಗಳು ಕಾಮ ಹೇಳಿ ಬರದು ಕಳಿಸಲಾಗ್ತ?”

ಕಳಿಸಲಾಗುವುದಿಲ್ಲ. ಆದರೆ ಇದರಲ್ಲಿ ಒಂದೇ ದೋಷ ಇಲ್ಲ, ಮೂರ್ನಾಲ್ಕು ಬೇರೆ ಬೇರೆ ದೋಷಗಳು ಒಟ್ಟಿಗೆ ಕೂತಿವೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಮೊದಲು ಬೇರ್ಪಡಿಸಿಕೊಳ್ಳಬೇಕು.

ದೋಷ ಎಲ್ಲಿದೆ ಎಂದು ತಿಳಿಯಲು ಒಂದು ವಾಕ್ಯ

ಹೊಸ ಖಾಲಿ ಪುಟ ತೆರೆದು, ಯಾವ ಚಿಹ್ನೆಯ ಹೆಸರನ್ನೂ ಹೇಳದೆ, ಇಷ್ಟನ್ನು ಮಾತ್ರ ಹೇಳಿ: ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ’. ಅರ್ಜಿಗಳಲ್ಲಿ ಸಾವಿರ ಸಲ ಬರುವ ಸಾಲು ಇದು. ಇದನ್ನೇ ತಪ್ಪು ಬರೆದರೆ ತೊಂದರೆ ನಿಮ್ಮ ಅರ್ಜಿಯಲ್ಲಿಲ್ಲ, ಫೋನಿನ ಕಡೆ ಇದೆ.

ಇಂಗ್ಲಿಷ್ ಅಕ್ಷರದಲ್ಲಿ ಏನೇನೋ ಬಂದರೆ ಭಾಷೆ ತಪ್ಪಿದೆ. ಗೂಗಲ್‌ನ ಜೀಬೋರ್ಡ್‌ನಲ್ಲಿ ಕೀಬೋರ್ಡ್ ಯಾವ ಭಾಷೆಯಲ್ಲಿದೆಯೋ ಮೈಕು ಸಾಮಾನ್ಯವಾಗಿ ಅದೇ ಭಾಷೆಯನ್ನು ಕೇಳುತ್ತದೆ. ಸ್ಪೇಸ್ ಬಾರ್ ಮೇಲೆ ‘ಕನ್ನಡ’ ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಗೋಳದ ಚಿತ್ರ ಒತ್ತಿ ಬದಲಿಸಿ, ಆಮೇಲೆ ಮೈಕು ಒತ್ತಿ. ಕಂಪ್ಯೂಟರ್‌ನಲ್ಲಿ ಗೂಗಲ್ ಡಾಕ್ಸ್ ಆದರೆ `Tools` ಒಳಗೆ `Voice typing` ತೆರೆದಾಗ ಮೈಕಿನ ಮೇಲೆಯೇ ಭಾಷೆಯ ಹೆಸರು ಕಾಣುತ್ತದೆ. ಅಲ್ಲಿ ಕನ್ನಡ ಆರಿಸಬೇಕು.

ನಡುನಡುವೆ ಪದ ಬಿಟ್ಟುಹೋದರೆ ನೆಟ್‌ವರ್ಕ್ ಇಲ್ಲವೇ ಗದ್ದಲ. ಘಟ್ಟದ ಮೇಲಿನ ಊರುಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಸಿಗ್ನಲ್ ಸಿಗುವುದು ಜಗಲಿಯ ತುದಿಯಲ್ಲಿ, ಅಲ್ಲೇ ತಗಡಿನ ಮಾಡಿನ ಮೇಲೆ ಮಳೆ. ಅಂಥ ಹೊತ್ತಿನಲ್ಲಿ ತಂತಿ ಇರುವ ಇಯರ್‌ಫೋನಿನ ಮೈಕನ್ನು ಬಾಯಿಯ ಹತ್ತಿರ ಹಿಡಿದು ಹೇಳಿದರೆ ಎಷ್ಟೋ ಸುಧಾರಿಸುತ್ತದೆ. ವಾಕ್ಯದ ಮೊದಲ ಪದ ಮಾತ್ರ ತಪ್ಪಿದರೆ ನೀವು ಮೈಕು ತಯಾರಾಗುವ ಮೊದಲೇ ಶುರು ಮಾಡಿದ್ದೀರಿ. ಕೊನೆಯ ಪದ ತಪ್ಪಿದರೆ ಬೇಗ ನಿಲ್ಲಿಸಿದ್ದೀರಿ. ಇಷ್ಟೇ.

ಮಾವನ ಫೋನಿನಲ್ಲಿ ಈ ವಾಕ್ಯ ತಪ್ಪಿಲ್ಲದೆ ಬಂತು. ಅಂದರೆ ಮೈಕು, ನೆಟ್ಟು, ಭಾಷೆ ಮೂರೂ ಸರಿ ಇವೆ. ದೋಷ ಇರುವುದು ಚಿಹ್ನೆ ಹೇಳುವ ಜಾಗದಲ್ಲಿ ಮತ್ತು ಊರಿನ ಪದಗಳಲ್ಲಿ. ಈ ಕೈಪಿಡಿ ಮುಖ್ಯವಾಗಿ ಅವೆರಡರ ಬಗ್ಗೆ.

ಚುಕ್ಕೆ ಯಾಕೆ ಬರುವುದಿಲ್ಲ

ಇಂಗ್ಲಿಷ್‌ನಲ್ಲಿ ‘ಪೀರಿಯಡ್’ ಅಥವಾ ‘ಕಾಮಾ’ ಅಂದರೆ ಚಿಹ್ನೆಯೇ ಬೀಳುತ್ತದೆ. ಅದನ್ನು ವಿಡಿಯೊದಲ್ಲಿ ನೋಡಿದವರು ಕನ್ನಡದಲ್ಲೂ ಹಾಗೇ ಆಗುತ್ತದೆ ಅಂದುಕೊಳ್ಳುತ್ತಾರೆ. ಕನ್ನಡಕ್ಕೆ ಗೂಗಲ್‌ನ ದನಿ ಟೈಪಿಂಗ್ ಬಂದದ್ದು 2017ರ ಆಗಸ್ಟ್‌ನಲ್ಲಿ, ಬೇರೆ ಏಳು ಭಾರತೀಯ ಭಾಷೆಗಳ ಜೊತೆ. ಆದರೆ ಮಾತನ್ನು ಪದ ಮಾಡುವುದು ಒಂದು ಕೆಲಸ, ಕೆಲವು ಪದಗಳನ್ನು ಪದ ಎಂದು ಬರೆಯದೆ ಚಿಹ್ನೆ ಎಂದು ತಿಳಿಯುವುದು ಇನ್ನೊಂದು ಕೆಲಸ. ಎರಡನೆಯದನ್ನು ಪ್ರತಿ ಭಾಷೆಗೂ ಬೇರೆಯಾಗಿ ಮಾಡಬೇಕು. ಗೂಗಲ್ ಡಾಕ್ಸ್‌ನ ಸಹಾಯ ಪುಟವು ಬಾಯಲ್ಲಿ ಚಿಹ್ನೆ ಹೇಳಬಹುದಾದ ಭಾಷೆಗಳೆಂದು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ರಷ್ಯನ್ ಇವುಗಳನ್ನು ಹೆಸರಿಸುತ್ತದೆ. ಅದರಲ್ಲಿ ಕನ್ನಡ ಇಲ್ಲ. ‘ಎಲ್ಲವನ್ನೂ ಆರಿಸು’, ‘ಅಳಿಸು’ ಎಂಬಂಥ ಆಜ್ಞೆಗಳು ಇಂಗ್ಲಿಷ್‌ಗೆ ಮಾತ್ರ, ಅದೂ ಖಾತೆ ಮತ್ತು ಕಡತ ಎರಡರ ಭಾಷೆಯೂ ಇಂಗ್ಲಿಷ್ ಇದ್ದರೆ.

ಹಾಗಾಗಿ ಉಚ್ಚಾರ ತಿದ್ದಿಕೊಂಡು ಪ್ರಯೋಜನ ಇಲ್ಲ. ‘ಪೂರ್ಣವಿರಾಮ’ ಎಂದು ಎಷ್ಟು ಶುದ್ಧವಾಗಿ ಹೇಳಿದರೂ ಪುಟದಲ್ಲಿ ‘ಪೂರ್ಣ ವಿರಾಮ’ ಎಂಬ ಪದಗಳೇ ಬೀಳುತ್ತವೆ. ನಿಮ್ಮ ಫೋನಿನ ಕೀಬೋರ್ಡ್ ಬೇರೆ ಕಂಪನಿಯದಾದರೆ ಒಮ್ಮೆ ಪರೀಕ್ಷೆ ಮಾಡಿ. ಚಿಹ್ನೆ ಬಿದ್ದರೆ ಒಳ್ಳೆಯದೇ, ಮುಂದಿನ ಎರಡು ಭಾಗ ಬಿಟ್ಟುಬಿಡಿ.

ಬರುವುದಿಲ್ಲ ಅಂತಾದರೆ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಇರಲಿ, ‘ಫುಲ್ ಸ್ಟಾಪ್’ ಅಂತಲೇ ಬರೆಯಲಿ, ಆಮೇಲೆ ಹುಡುಕಿ ಬದಲಿಸೋಣ. ನಾನೂ ಮೊದಲು ಅದನ್ನೇ ಮಾಡಿದೆ. ಮಾವನ ಅರ್ಜಿಯಲ್ಲಿ ಅದು ಹೇಗೆ ಕೈಕೊಟ್ಟಿತು ಹೇಳುತ್ತೇನೆ, ಕೇಳಿ.

ಅವರು ಹೇಳಿದ್ದ ‘ಫುಲ್ ಸ್ಟಾಪ್’ಗಳು ಒಟ್ಟು ಏಳು. ಹುಡುಕಿದರೆ ಸಿಕ್ಕಿದ್ದು ಮೂರು. ಉಳಿದ ನಾಲ್ಕರಲ್ಲಿ ಎರಡು ಇಂಗ್ಲಿಷ್ ಅಕ್ಷರದಲ್ಲಿದ್ದವು. ಇನ್ನೆರಡು ಕಣ್ಣಿಗೆ ಕನ್ನಡದಲ್ಲೇ ಕಾಣುತ್ತಿದ್ದವು, ಆದರೂ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಯಾಕೆ ಅಂದರೆ ಅಲ್ಲಿ ಎರಡು ಪದ ಒಂದೇ ಆಗಿತ್ತು: ‘ಫುಲ್‌ಸ್ಟಾಪ್’. ಹೀಗೆ ಲ್ ಮತ್ತು ಸ್ಟಾ ಒಂದರ ಕೆಳಗೊಂದು ಹೋಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಒಂದು ಕಾಣದ ಅಕ್ಷರ ಇರಬೇಕು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ `U+200C`. ಅದು ಇರುವ ಪದ, ಇಲ್ಲದ ಪದ, ನಡುವೆ ಜಾಗ ಇರುವ ಪದ ಮೂರೂ ನಮಗೆ ಒಂದೇ. ಕಂಪ್ಯೂಟರ್‌ಗೆ ಮೂರು ಬೇರೆ ಪದ.

‘ಕಾಮ’ದ ಕಥೆ ಇನ್ನೂ ಕೆಟ್ಟದ್ದು. ಎಲ್ಲ ‘ಕಾಮ’ವನ್ನೂ ಅಲ್ಪವಿರಾಮ ಮಾಡಿಬಿಡೋಣ ಎಂದು ಒಂದೇ ಏಟಿಗೆ ಬದಲಿಸಿದೆ. ಮುಗಿಯಿತು ಅಂದುಕೊಂಡು ಓದಿದರೆ ವಿಷಯದ ಸಾಲಿನಲ್ಲಿ ‘ದುರಸ್ತಿ ,ಗಾರಿ ಕುರಿತು’ ಎಂದಿದೆ. ಪಂಚಾಯತಿಗೆ ಹೋಗುವ ಯಾವ ಅರ್ಜಿಯಲ್ಲಿ ‘ಕಾಮಗಾರಿ’ ಇರುವುದಿಲ್ಲ ಹೇಳಿ! ‘ಕಾಮಗಾರಿಗೆ’, ‘ಕಾಮಗಾರಿಯನ್ನು’ ಎಲ್ಲವೂ ತಲೆ ಕಳೆದುಕೊಂಡು ನಿಂತಿದ್ದವು. ತಪ್ಪು ಫೋನಿನದಲ್ಲ, ನನ್ನದು.

ಮೊಸಳೆ, ಜಿರಳೆ, ನವಿಲು

ಆಮೇಲೆ ನಾನು ದಾರಿ ಬದಲಿಸಿದೆ. ಚಿಹ್ನೆಯ ಹೆಸರು ಹೇಳುವುದನ್ನೇ ಬಿಟ್ಟು, ಅದರ ಬದಲು ಅರ್ಜಿಯಲ್ಲಿ ಎಂದೂ ಬಾರದ ಒಂದು ಕನ್ನಡ ಪದವನ್ನು ಗುರುತಿಗೆ ಇಟ್ಟುಕೊಂಡೆ. ವಾಕ್ಯ ಮುಗಿದಾಗ ‘ಮೊಸಳೆ’. ಅಲ್ಪವಿರಾಮಕ್ಕೆ ‘ಜಿರಳೆ’. ಅಂಕಿ ಬರುವ ಜಾಗದಲ್ಲಿ ‘ನವಿಲು’. ಕೇಳಿದವರು ನಗುತ್ತಾರೆ. ನಗಲಿ.

ಇವು ಸುಮ್ನೆ ಬಾಯಿಗೆ ಬಂದ ಪದಗಳಲ್ಲ. ದನಿ ಗುರುತಿಸುವ ವ್ಯವಸ್ಥೆ ಸದ್ದನ್ನಷ್ಟೇ ನೋಡುವುದಿಲ್ಲ. ಅದೇ ಸದ್ದಿಗೆ ಹತ್ತಿರದ ಪದಗಳಲ್ಲಿ ಯಾವುದು ಅಕ್ಕಪಕ್ಕಕ್ಕೆ ಹೊಂದುತ್ತದೆ ಎಂದೂ ಊಹಿಸುತ್ತದೆ. ‘ಕಾಮಾ’ ಎಂಬ ಸದ್ದಿಗೆ ಪೈಪೋಟಿ ಜಾಸ್ತಿ: ಕಾಮ, ಕ್ರಮ, ನಾಮ, ಕಾಮಗಾರಿಯ ಮೊದಲರ್ಧ. ‘ಜಿರಳೆ’ಯ ಹತ್ತಿರ ಸುಳಿಯುವ ಪದಗಳು ಕಡಿಮೆ. ಅರ್ಜಿಯ ನಡುವೆ ಜಿರಳೆ ಬರುವುದು ವಿಚಿತ್ರವಾದರೂ, ಸದ್ದು ಅಷ್ಟು ಸ್ಪಷ್ಟ ಇದ್ದರೆ ಅದಕ್ಕೆ ಬೇರೆ ಬರೆಯಲು ದಾರಿ ಸಿಗುವುದಿಲ್ಲ.

ನೀವು ಬೇರೆ ಪದ ಇಟ್ಟುಕೊಳ್ಳುವುದಾದರೆ ಕೆಲವು ವಿಷಯ ಗಮನಿಸಿ. ಪದ ಸ್ವರದಿಂದ ಶುರುವಾಗಬಾರದು. ‘ಆನೆ’ ಇಟ್ಟುಕೊಂಡು ‘ಮಾಡಬೇಕು ಆನೆ’ ಅಂದರೆ ನಾಲಿಗೆಯೇ ಅದನ್ನು ‘ಮಾಡಬೇಕಾನೆ’ ಮಾಡುತ್ತದೆ. ಶಾಲೆಯಲ್ಲಿ ಓದಿದ ಸಂಧಿ ಇಲ್ಲಿ ಬಂದು ಕಾಡುತ್ತದೆ. ಪದ ತೀರಾ ಚಿಕ್ಕದಿರಬಾರದು, ಹಿಂದಿನ ಪದಕ್ಕೆ ಬಾಲದಂತೆ ಅಂಟಿಕೊಳ್ಳುತ್ತದೆ. ಎರಡು ಪದ ಸೇರಿದ್ದೂ ಬೇಡ. ‘ಬಾಳೆಹಣ್ಣು’ ಒಮ್ಮೆ ಕೂಡಿ, ಒಮ್ಮೆ ಬಿಡಿಸಿ ಬರುತ್ತದೆ. ಮೂರಕ್ಷರದ ಒಂಟಿ ಪದ ಒಳ್ಳೆಯದು.

ಇನ್ನೊಂದು, ಆ ಪದ ನಿಮ್ಮ ಅರ್ಜಿಯ ಯಾವುದೇ ಪದದ ಒಳಗೂ ಇರಬಾರದು. ಕಾರವಾರದ ಗೆಳೆಯನೊಬ್ಬ ನನ್ನ ಉಪಾಯ ಕೇಳಿ ‘ಮೀನು’ ಇಟ್ಟುಕೊಂಡ. ಅವನ ಅರ್ಜಿ ಹೋಗಬೇಕಿದ್ದುದು ಮೀನುಗಾರಿಕೆ ಇಲಾಖೆಗೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ, ಅಲ್ವಾ? ದಾಂಡೇಲಿ ಕಡೆಯವರಿಗೂ ಒಂದು ಮಾತು: ಕಾಳಿ ನದಿಯ ದಡದಲ್ಲಿ ಇರುವವರು ಮೊಸಳೆಯ ಬಗ್ಗೆಯೇ ಅರ್ಜಿ ಬರೆಯಬೇಕಾಗಿ ಬರಬಹುದು. ನೀವು ಬೇರೆ ಪ್ರಾಣಿ ನೋಡಿಕೊಳ್ಳಿ.

ಪದ ಆರಿಸಿದ ಮೇಲೆ ಹತ್ತು ಸಲ ಪರೀಕ್ಷೆ ಮಾಡಿ. ಬರೀ ಆ ಪದವನ್ನು ಹತ್ತು ಸಲ ಹೇಳಿದರೆ ಸಾಲದು. ವಾಕ್ಯದ ಕೊನೆಯಲ್ಲಿ ಇಟ್ಟು ಹೇಳಬೇಕು: ‘ವಿನಂತಿಸುತ್ತೇನೆ ಮೊಸಳೆ’, ‘ಕೊಚ್ಚಿಹೋಗಿದೆ ಮೊಸಳೆ’, ‘ದಾಟಬೇಕು ಮೊಸಳೆ’. ಹತ್ತಕ್ಕೆ ಹತ್ತೂ ಒಂದೇ ಕಾಗುಣಿತದಲ್ಲಿ ಬಂದರೆ ಇಟ್ಟುಕೊಳ್ಳಿ. ಒಂದು ತಪ್ಪಿದರೂ ಬಿಡಿ, ಕನ್ನಡದಲ್ಲಿ ಪ್ರಾಣಿಗಳಿಗೆ ಬರ ಇಲ್ಲ. ಹೇಳುವಾಗ ಗುರುತಿನ ಪದದ ಹಿಂದೆ ಮುಂದೆ ಚಿಕ್ಕ ತಡೆ ಕೊಡಿ, ಒಂದು ಉಸಿರಿನಷ್ಟು. ಜಾಸ್ತಿ ನಿಂತರೆ ಮೈಕು ಆರಿಹೋಗುತ್ತದೆ.

ಅಂಕಿಗೆ ಯಾಕೆ ಬೇರೆ ಗುರುತು ಎಂದು ಮಾವ ಕೇಳಿದರು. ಅಂಕಿಯನ್ನು ಬಾಯಲ್ಲಿ ಹೇಳಲೇಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಶಿರಸಿಯ ಪಿನ್ ಕೋಡ್ 581401 ಎಂದು ಒಂದೊಂದಾಗಿ ಹೇಳಿ ನೋಡಿ. ಒಮ್ಮೆ ‘5 8 1 4 ಸೊನ್ನೆ 1’ ಎಂದು ಬರುತ್ತದೆ, ಒಮ್ಮೆ ‘ಐದು ಎಂಟು 14 01’. ‘ಎರಡು ಸಾವಿರದ ಇಪ್ಪತ್ತೈದು’ ಅಂದರೆ ‘2000 ಇಪ್ಪತ್ತೈದು’ ಆಗಿ ಕೂರಬಹುದು. ಪದ ತಪ್ಪಿದರೆ ಓದುವವರಿಗೆ ಗೊತ್ತಾಗುತ್ತದೆ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅರ್ಜಿ ಬೇರೆಯವರ ಗದ್ದೆಯ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಅಲ್ಲಿ ‘ನವಿಲು’ ಹೇಳಿ ಮುಂದೆ ಹೋಗಿ. ಆಮೇಲೆ ಕಾಗದ ನೋಡಿಕೊಂಡು ಕೈಯಲ್ಲಿ ತುಂಬಿ.

ವಿಷಯ ಎಂದ ಕೂಡಲೇ ಬರುವ ಎರಡು ಚುಕ್ಕೆಗೆ, ಉದ್ಧರಣ ಚಿಹ್ನೆಗೆ, ಹೊಸ ಸಾಲಿಗೆ ಯಾವ ಪ್ರಾಣಿ? ಯಾವುದೂ ಬೇಡ. ಅರ್ಜಿಯ ಚೌಕಟ್ಟನ್ನು ಮೊದಲೇ ಟೈಪ್ ಮಾಡಿ ಇಟ್ಟುಕೊಳ್ಳಿ: ಇವರಿಗೆ, ಇವರಿಂದ, ಮಾನ್ಯರೇ, ವಿಷಯ, ಉಲ್ಲೇಖ, ಕೊನೆಗೆ ಸ್ಥಳ, ದಿನಾಂಕ, ತಮ್ಮ ವಿಶ್ವಾಸಿ. ವಿಳಾಸವನ್ನೂ ಅಲ್ಲೇ ಟೈಪ್ ಮಾಡಿ. ದನಿಯಲ್ಲಿ ಹೇಳುವುದು ನಡುವಿನ ಒಡಲನ್ನು ಮಾತ್ರ. ಅದಕ್ಕೆ ಚುಕ್ಕೆ ಮತ್ತು ಅಲ್ಪವಿರಾಮ ಎರಡೇ ಸಾಕು. ಪ್ಯಾರಾ ಬದಲಾಗುವಲ್ಲಿ ಬೆರಳಿನಿಂದ ಎಂಟರ್ ಒತ್ತಿ. ಕೆಲವು ಫೋನಿನಲ್ಲಿ ಆಗ ಮೈಕು ನಿಲ್ಲುತ್ತದೆ, ಮತ್ತೆ ಒತ್ತಿದರಾಯಿತು. ಒಂದು ಅರ್ಜಿಯಲ್ಲಿ ಮೂರು ಪ್ಯಾರಾಕ್ಕಿಂತ ಜಾಸ್ತಿ ಇರುವುದಿಲ್ಲ.

ಎರಡನೇ ಸಲ ಬಂದದ್ದು

ಮಾವ ಎರಡನೇ ಸಲ ಹೇಳಿದ್ದು ಹೀಗೆ ಬಂತು:

‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ ಜಿರಳೆ ನಮ್ಮ ಊರಿನ ಹಳ್ಳಕ್ಕೆ ಹಾಕಿದ್ದ ಕಾಲು ಸಂಖ್ಯೆ ಕಳೆದ ಮಳೆಗಾಲದಲ್ಲಿ ಅರ್ಧ ಕೊಚ್ಚಿಹೋಗಿದೆ ಮೊಸಳೆ ಈ ಕಡೆಯ ನವಿಲು ಮನೆಗಳ ಜನ ಜಿರಳೆ ಶಾಲೆಗೆ ಹೋಗುವ ನವಿಲು ಮಕ್ಕಳು ದಿನವೂ ಇದನ್ನೇ ದಾಟಬೇಕು ಮೊಸಳೆ ಸದ್ಯಕ್ಕೆ ಅಡಿಕೆ ಡಬ್ಬಿ ಹಾಕಿ ದಾಟುತ್ತಿದ್ದೇವೆ ಮೊಸಳೆ ಪೇಟೆಗೆ ಹೋಗಲು ಬೇರೆ ದಾರಿ ಇಲ್ಲೇ ಮೊಸಳೆ ಸರದಿ ಕಾಮಗಾರಿಯನ್ನು ಮುಂದಿನ ಮಳೆಗಾಲದೊಳಗೆ ಮಾಡಿಸಿಕೊಡಬೇಕಾಗಿ ಕೋರುತ್ತೇನೆ ಮೊಸಳೆ’

ಇದು ಮೃಗಾಲಯದಂತೆ ಕಾಣಬಹುದು, ಆದರೆ ತಿದ್ದಲು ಬಹಳ ಸುಲಭ. ಮೊದಲು ಇದರ ಒಂದು ಪ್ರತಿಯನ್ನು ಹಾಗೇ ತೆಗೆದಿಡಿ. ಬದಲಿಸುವಾಗ ಎಡವಿದರೆ ಮರಳಿ ಬರಲು ಅದು ಬೇಕು.

ಈಗ ಬರಹವನ್ನು ಕಂಪ್ಯೂಟರ್‌ನಲ್ಲಿ ತೆರೆದು `Ctrl+F` ಒತ್ತಿ ‘ಮೊಸಳೆ’ ಹುಡುಕಿ, ಎಷ್ಟಿವೆ ಎಂದು ನೋಡಿ. ಐದು ಬಂತು. ಮಾವ ಹೇಳಿದ ವಾಕ್ಯಗಳೂ ಐದು. ಲೆಕ್ಕ ಕೂಡಿತು. ನಾಲ್ಕೇ ಬಂದಿದ್ದರೆ ಒಂದು ಮೊಸಳೆ ಬೇರೆ ವೇಷದಲ್ಲಿ ಎಲ್ಲೋ ಕೂತಿದೆ ಎಂದು ಬದಲಿಸುವ ಮೊದಲೇ ತಿಳಿಯುತ್ತಿತ್ತು. ‘ಫುಲ್ ಸ್ಟಾಪ್’ನಲ್ಲಿ ನನಗೆ ಸಿಗದೆ ಹೋದ ಅನುಕೂಲ ಇದೇ.

ಆಮೇಲೆ ಗುರುತಿನ ಪದಕ್ಕೆ ಏನಾದರೂ ಅಂಟಿಕೊಂಡಿದೆಯೇ ನೋಡಬೇಕು. ‘ಮೊಸಳೆಯ’, ‘ಜಿರಳೆಗೆ’ ಎಂದು ವಿಭಕ್ತಿ ಹಚ್ಚಿ ಬರೆದುಬಿಡುವುದು ಉಂಟು. ಲಿಬ್ರೆ ಆಫೀಸ್ ರೈಟರ್‌ನಲ್ಲಿ `Ctrl+H` ಒತ್ತಿ, `Regular expressions` ಎಂಬ ಚೌಕಕ್ಕೆ ಟಿಕ್ ಹಾಕಿ, ಇದನ್ನು ಹುಡುಕಿ:

```
(ಮೊಸಳೆ|ಜಿರಳೆ)\S
```

ಗುರುತಿನ ಪದದ ಬೆನ್ನಿಗೆ ಜಾಗ ಇಲ್ಲದೆ ಏನೇ ಬಂದರೂ ಇದು ಹಿಡಿಯುತ್ತದೆ. ಸಿಕ್ಕಿದ್ದನ್ನು ಕೈಯಲ್ಲಿ ಬಿಡಿಸಿ. ಮಾವನ ಅರ್ಜಿಯಲ್ಲಿ ಒಂದೂ ಸಿಗಲಿಲ್ಲ.

ಈಗ ಬದಲಿಸುವ ಕೆಲಸ. ಹುಡುಕುವ ಜಾಗದಲ್ಲಿ ಮೊದಲು ಒಂದು ಸ್ಪೇಸ್ ಕೊಟ್ಟು ಆಮೇಲೆ ‘ಮೊಸಳೆ’ ಎಂದು ಬರೆಯಿರಿ. ಬದಲಿಗೆ ಬರೀ ಚುಕ್ಕೆ. ಇಲ್ಲಿ ಟಿಕ್ ತೆಗೆದುಬಿಡಿ, ಅದರ ಅಗತ್ಯ ಇಲ್ಲ. ಮೊದಲಿನ ಆ ಸ್ಪೇಸ್ ಮರೆತರೆ ‘ಕೊಚ್ಚಿಹೋಗಿದೆ .’ ಎಂದು ಚುಕ್ಕೆ ದೂರ ನಿಲ್ಲುತ್ತದೆ, ಸಾಲಿನ ಕೊನೆಗೆ ಬಂದರೆ ಒಂಟಿಯಾಗಿ ಮುಂದಿನ ಸಾಲಿಗೆ ಜಾರುತ್ತದೆ. ‘ಜಿರಳೆ’ಗೂ ಹೀಗೇ ಮಾಡಿ. ಎರಡು ನಿಮಿಷದ ಕೆಲಸ.

ಇಂಗ್ಲಿಷ್ ಅಕ್ಷರ ಎಲ್ಲಾದರೂ ಉಳಿದಿದೆಯೇ ಎಂದು ನೋಡಲು ಮತ್ತೆ ಟಿಕ್ ಹಾಕಿ ಇದನ್ನು ಹುಡುಕಿ:

```
[A-Za-z]+
```

ಇದನ್ನು ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಒಂದೊಂದಾಗಿ ನೋಡಿ, ಕನ್ನಡದಲ್ಲಿ ಬರೆಯಿರಿ. ಕೊನೆಗೆ ‘ನವಿಲು’ ಹುಡುಕುತ್ತ ಹೋಗಿ ಅಂಕಿ ತುಂಬಿ. ಮಾವನ ಅರ್ಜಿಯಲ್ಲಿ ಎರಡೇ ಇದ್ದವು. ಒಂದಕ್ಕೆ 11 ಬಂತು, ಇನ್ನೊಂದಕ್ಕೆ 6. ಅವರಿಗೂ ಮಕ್ಕಳ ಲೆಕ್ಕ ಬಾಯಲ್ಲಿ ಬರಲಿಲ್ಲ, ಮನೆಗೆ ಫೋನ್ ಮಾಡಿ ಅತ್ತೆಯನ್ನು ಕೇಳಿ ಹೇಳಿದರು.

ಸರಿಯಾದ ಪದ, ತಪ್ಪು ಮಾತು

ಚಿಹ್ನೆ ಮುಗಿಯಿತು. ನಿಜವಾದ ಅಪಾಯ ಇನ್ನು ಮುಂದೆ ಇದೆ. ದನಿ ಟೈಪಿಂಗ್ ಮಾಡುವ ತಪ್ಪು ಕೈ ಟೈಪಿಂಗ್‌ನ ತಪ್ಪಿನ ಹಾಗಲ್ಲ. ಕೈ ತಪ್ಪಿದರೆ ‘ಮಾನಯ್ರೇ’ ಎಂದಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ. ದನಿ ತಪ್ಪಿದರೆ ಬರುವುದೂ ಒಂದು ನಿಜವಾದ ಕನ್ನಡ ಪದವೇ. ಕಾಗುಣಿತ ನೋಡುವ ಸಾಧನ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ.

ಮೇಲಿನ ಅರ್ಜಿಯಲ್ಲಿ ಅಂಥವು ನಾಲ್ಕಿವೆ. ‘ಕಾಲುಸಂಕ’ ಹೋಗಿ ‘ಕಾಲು ಸಂಖ್ಯೆ’ ಆಗಿದೆ. ‘ದಬ್ಬೆ’ ಹೋಗಿ ‘ಡಬ್ಬಿ’. ‘ಸದರಿ’ ಹೋಗಿ ‘ಸರದಿ’. ಮೊದಲ ಎರಡು ನಮ್ಮ ಸೀಮೆಯ ಪದಗಳು. ಅಡಿಕೆ ಮರ ಸೀಳಿದ ದಬ್ಬೆಯನ್ನು ಹಳ್ಳದ ಮೇಲೆ ಹಾಕಿ ದಾಟುವುದು ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ, ಫೋನಿಗೂ ಗೊತ್ತಿಲ್ಲ. ಅದು ತನಗೆ ಪರಿಚಯದ ಪದಕ್ಕೆ ತಂದು ನಿಲ್ಲಿಸಿದೆ. ‘ಸದರಿ’ ಸರ್ಕಾರಿ ಕಾಗದದ ಪದ, ಮಾತಿನಲ್ಲಿ ಯಾರೂ ಆಡುವುದಿಲ್ಲ. ಅದರ ಕಥೆಯೂ ಅದೇ.

ನಾಲ್ಕನೆಯದನ್ನು ನಾನೂ ಮೊದಲ ಓದಿನಲ್ಲಿ ಕಂಡಿರಲಿಲ್ಲ. ‘ಬೇರೆ ದಾರಿ ಇಲ್ಲೇ’. ಮಾವ ಹೇಳಿದ್ದು ‘ಬೇರೆ ದಾರಿ ಇಲ್ಲೆ’. ಹವ್ಯಕರ ಮಾತಿನಲ್ಲಿ ‘ಇಲ್ಲೆ’ ಅಂದರೆ ಇಲ್ಲ. ಬರಹದ ಕನ್ನಡದಲ್ಲಿ ‘ಇಲ್ಲೇ’ ಅಂದರೆ ಇದೇ ಜಾಗದಲ್ಲಿ. ಬೇರೆ ದಾರಿಯೇ ಇಲ್ಲ ಎಂದು ಅಳಲು ತೋಡಿಕೊಳ್ಳಲು ಹೋದ ಅರ್ಜಿ, ಬೇರೆ ದಾರಿ ಇಲ್ಲೇ ಇದೆ ಎಂದು ಹೇಳಿ ಬರುತ್ತಿತ್ತು. ಇಂಥ ಒಂದು ಸಾಲು ಸಾಕು, ಅರ್ಜಿ ಮೂಲೆಗೆ ಹೋಗಲು.

“ಆನು ಶುದ್ಧ ಕನ್ನಡದಲ್ಲೇ ಹೇಳಿದ್ದೆ” ಎಂದು ಮಾವ ವಾದಿಸಿದರು. ಮೂರು ವಾಕ್ಯ ಹಾಗೇ ಹೇಳಿದ್ದರು, ನಿಜ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮನೆಯ ಮಾತು ನಾಲಿಗೆಗೆ ಬಂದಿತ್ತು. ಎಲ್ಲರಿಗೂ ಹಾಗೇ. ‘ಇದ್ದು’ ಕೂಡ ಇದೇ ಜಾತಿ. ಮನೆಯಲ್ಲಿ ‘ಸಂಕ ಇದ್ದು’ ಅಂದರೆ ಇದೆ ಎಂದರ್ಥ, ಮಾತು ಅಲ್ಲಿಗೆ ಮುಗಿಯಿತು. ಬರಹದಲ್ಲಿ ‘ಇದ್ದು’ ಅಂದರೆ ಮುಂದೆ ಇನ್ನೇನೋ ಬರಬೇಕು. ಫೋನು ಅದನ್ನು ಹಾಗೇ ಬರೆಯುತ್ತದೆ, ವಾಕ್ಯ ಬಾಯಿ ತೆರೆದುಕೊಂಡು ನಿಂತಿರುತ್ತದೆ.

ಹಾಗಾಗಿ ಹವ್ಯಕರ ಅರ್ಜಿಯಾದರೆ ನಾನು ‘ಇಲ್ಲ’, ‘ಇಲ್ಲೇ’, ‘ಇದ್ದು’ ಮೂರನ್ನೂ ಹುಡುಕಿ ಒಂದೊಂದರ ಮುಂದೆ ನಿಲ್ಲುತ್ತೇನೆ. ಇದು ಇಲ್ಲ ಎಂದು ಹೇಳಬೇಕಾದ ಜಾಗವೇ, ಇದೆ ಎಂದು ಹೇಳಬೇಕಾದ ಜಾಗವೇ? ಅರ್ಜಿಯ ಜೀವ ಅಲ್ಲೇ ಇರುತ್ತದೆ, ಅದಕ್ಕೆ ಈ ಹೊತ್ತು ದಂಡ ಅಲ್ಲ.

ಊರಿನ ಹೆಸರು, ಮನೆಯ ಹೆಸರು ಇನ್ನೊಂದು ಬಲೆ. ‘ಹೊಸಗದ್ದೆ’ ಎಂಬ ಊರು ‘ಹೊಸ ಗದ್ದೆ’ ಆಗುತ್ತದೆ. ಆಗ ಅದು ಊರಲ್ಲ, ಹೊಸದಾಗಿ ಮಾಡಿದ ಗದ್ದೆ. ‘ಯಡಳ್ಳಿ’ಯನ್ನು ‘ಎಡಹಳ್ಳಿ’ ಎಂದು ತಿದ್ದಿಕೊಡುವಷ್ಟು ಜಾಣತನವನ್ನೂ ಫೋನು ತೋರಿಸುತ್ತದೆ. ‘ಶಿರಸಿ’ ಒಂದೇ ಅರ್ಜಿಯಲ್ಲಿ ‘ಸಿರ್ಸಿ’, ‘ಶಿರ್ಸಿ’, ‘ಶಿರಸಿ’ ಎಂದು ಮೂರು ಬಗೆಯಲ್ಲಿ ಬಂದದ್ದನ್ನು ನೋಡಿದ್ದೇನೆ. ಪಡಿತರ ಚೀಟಿಯಲ್ಲೋ ಪಹಣಿಯಲ್ಲೋ ಹೇಗಿದೆಯೋ ಹಾಗೇ ಇರಬೇಕು. ಮಾತಿನಲ್ಲಿ ಸರಿಪಡಿಸಲು ಹೋಗಬೇಡಿ, ಟೈಪ್ ಮಾಡಿ.

ಇಂಥ ತಪ್ಪನ್ನು ಹಿಡಿಯಲು ನನಗೆ ಗೊತ್ತಿರುವ ಒಂದೇ ಖಚಿತ ದಾರಿ, ಬೇರೆಯವರಿಂದ ಜೋರಾಗಿ ಓದಿಸುವುದು. ಹೇಳಿದವರೇ ಓದಿದರೆ ಪುಟದಲ್ಲಿ ಇರುವುದನ್ನು ಓದುವುದಿಲ್ಲ, ತಾವು ಹೇಳಿದ್ದನ್ನು ಓದುತ್ತಾರೆ. ಮಾವನ ಅರ್ಜಿಯನ್ನು ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಓದಿದಳು. ಅವಳು ಕುಮಟೆಯವಳು, ಕಾಲುಸಂಕದ ವಿಷಯ ಅವಳಿಗೆ ಗೊತ್ತಿರಲಿಲ್ಲ. ‘ಬೇರೆ ದಾರಿ ಇಲ್ಲೇ’ ಎಂದು ಓದಿ ತಲೆ ಎತ್ತಿ, “ಅಣ್ಣಾ, ಬೇರೆ ದಾರಿ ಇದ್ರೆ ಸಂಕ ಯಾಕೆ ಬೇಕು ಇವರಿಗೆ?” ಎಂದಳು. ಆಗ ನನಗೆ ಕಂಡಿತು.

ಯಾರೂ ಸಿಗದಿದ್ದರೆ ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದಾಗಿ ಓದಿ. ಕಥೆಯ ಓಟ ತಪ್ಪುವುದರಿಂದ ಪದಗಳು ಕಾಣುತ್ತವೆ. ಮನುಷ್ಯರಷ್ಟು ಒಳ್ಳೆಯದಲ್ಲ, ಆದರೂ ಆಗುತ್ತದೆ.

ಪ್ರಿಂಟಿಗೆ ಮೊದಲು

ಕೆಲವರು ತಿದ್ದಿದ ಬರಹವನ್ನು ‘ನುಡಿ’ ತಂತ್ರಾಂಶದ ಹಳೆಯ ಕಡತಕ್ಕೆ ತಂದು ಅಂಟಿಸುತ್ತಾರೆ, ಆಮೇಲೆ ಅಕ್ಷರ ಹೊಂದುತ್ತಿಲ್ಲ, ಫಾಂಟ್ ಬದಲಿಸಿದರೂ ಬದಲಾಗುತ್ತಿಲ್ಲ ಎಂದು ಬರುತ್ತಾರೆ. ದನಿಯಿಂದ ಬರುವುದು ಯೂನಿಕೋಡ್. ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ನುಡಿಯಲ್ಲೇ ಇರುವ ಪರಿವರ್ತಕದಿಂದ ಹಳೆಯ ಕಡತವನ್ನು ಯೂನಿಕೋಡ್‌ಗೆ ತಂದುಕೊಂಡು, ಆಮೇಲೆ ಅಂಟಿಸಿ.

ಕೊನೆಯ ಕೆಲಸ: ‘ಮೊಸಳೆ’, ‘ಜಿರಳೆ’, ‘ನವಿಲು’ ಮೂರನ್ನೂ ಇನ್ನೊಮ್ಮೆ ಹುಡುಕಿ. ಮೂರಕ್ಕೂ ಸೊನ್ನೆ ಬರಬೇಕು. ಇದನ್ನು ನಾನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಒಮ್ಮೆ ಗಿರಾಕಿಯೊಬ್ಬರ ರಜೆ ಅರ್ಜಿಯಲ್ಲಿ ‘ತಮ್ಮ ವಿಶ್ವಾಸಿ’ ಎಂಬುದರ ಮೇಲಿನ ಸಾಲಿನಲ್ಲಿ ಒಂದು ಜಿರಳೆ ಉಳಿದು, ಪ್ರಿಂಟ್ ಆಗಿ, ಸಹಿಯೂ ಬಿದ್ದಿತ್ತು. ಬಾಗಿಲು ದಾಟುವಾಗ ಅವರೇ ನೋಡಿ ವಾಪಸ್ ಬಂದರು. ಎರಡನೇ ಪ್ರಿಂಟಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಮಾವನ ಅರ್ಜಿ ಮೂರು ಸೊನ್ನೆ ತೋರಿಸಿತು. ಎರಡು ಪ್ರತಿ ತೆಗೆದೆ, ಒಂದು ಕೊಡಲು, ಒಂದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು.